ಹಳೇ ಫೋಟೋದಿಂದ ನನ್ನ ಟ್ಯಾಗ್ ತೆಗಿ ಮಾರಾಯ: ಗೆಳೆಯನಿಗೆ ಕೇಳುವ ಬಗೆ, ತೆಗೆಯುವ ದಾರಿ

"ಸರ್, ಜೋಗದಲ್ಲಿ ತಲೆಗೆ ಟವಲ್ ಸುತ್ಕೊಂಡು ಕುಣೀತಿರೋದು ನೀವೇ ಅಲ್ವಾ?"

ಒಂಬತ್ತನೇ ತರಗತಿಯ ಹುಡುಗನೊಬ್ಬ ಶಾಲೆಯ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಹೀಗೆ ಕೇಳಿದ. ಅವನ ಹಿಂದಿದ್ದ ಮೂವರು ಕಿಸಕ್ಕೆಂದರು. ನಾನು "ನಡಿ ನಡಿ, ಬೆಲ್ ಆಯ್ತು" ಎಂದು ಸಾಗಹಾಕಿದೆ. ಸಂಜೆ ಮನೆಗೆ ಬಂದು ಫೇಸ್‌ಬುಕ್ಕಿನಲ್ಲಿ ನನ್ನ ಹೆಸರನ್ನೇ ಹುಡುಕಿದೆ. ಸಿಕ್ಕಿತು. 2012ರ ಮಳೆಗಾಲ, ಹಾಸ್ಟೆಲಿನ ಗೆಳೆಯರೆಲ್ಲ ಜೋಗಕ್ಕೆ ಹೋಗಿದ್ದು. ಆಲ್ಬಮ್‌ನಲ್ಲಿ 64 ಫೋಟೋ. ಅದರಲ್ಲಿ 11ಕ್ಕೆ ನನ್ನ ಹೆಸರಿನ ಟ್ಯಾಗ್. ಹಾಕಿದವನು ನನ್ನ ರೂಮ್‌ಮೇಟ್. ಹೆಸರು ಮಂಜ ಎಂದಿಟ್ಟುಕೊಳ್ಳೋಣ.

ಫೋಟೋದಲ್ಲಿ ತಪ್ಪೇನೂ ಇಲ್ಲ. ಒದ್ದೆ ಬಟ್ಟೆ, ಟವಲ್, ಕುಣಿತ, ಅಷ್ಟೇ. ಆದರೂ ಮೇಷ್ಟ್ರ ಹೆಸರು ಹಾಕಿ ಹುಡುಕಿದ ಮಕ್ಕಳಿಗೆ ಮೊದಲು ಸಿಗುವುದು ಅದೇ ಆಗುವುದು ನನಗೆ ಬೇಡವಾಗಿತ್ತು. ಇದನ್ನು ಸರಿಮಾಡಲು ನನಗೆ ಮೂರು ಸಂಜೆ ಹಿಡಿಯಿತು. ಸರಿಯಾದ ಕ್ರಮ ಗೊತ್ತಿದ್ದಿದ್ದರೆ ಅರ್ಧ ಗಂಟೆಯ ಕೆಲಸ.

## ಟ್ಯಾಗ್ ಬೇರೆ, ಫೋಟೋ ಬೇರೆ

ಟ್ಯಾಗ್ ಎಂದರೆ ಫೋಟೋಗೂ ನಿಮ್ಮ ಹೆಸರಿಗೂ ಕಟ್ಟಿದ ಒಂದು ದಾರ. ದಾರ ಕಿತ್ತರೆ ಫೋಟೋ ಬಿದ್ದುಹೋಗುವುದಿಲ್ಲ. ಹಾಕಿದವರ ಪ್ರೊಫೈಲಿನಲ್ಲಿ ಅದು ಇದ್ದಲ್ಲೇ ಇರುತ್ತದೆ, ಅವರು ಯಾರಿಗೆ ತೋರಿಸಲು ಬಿಟ್ಟಿದ್ದಾರೋ ಅವರಿಗೆ ಕಾಣುತ್ತಲೇ ಇರುತ್ತದೆ. ನಿಮ್ಮ ಹೆಸರಿನಿಂದ ಅಲ್ಲಿಗೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ.

ಟ್ಯಾಗ್‌ಗೆ ಇನ್ನೊಂದು ಗುಣವಿದೆ, ಅದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಮಂಜ ತನ್ನ ಗೆಳೆಯರಿಗೆ ಮಾತ್ರ ಎಂದು ಒಂದು ಫೋಟೋ ಹಾಕಿ ಅದರಲ್ಲಿ ನನ್ನನ್ನು ಟ್ಯಾಗ್ ಮಾಡಿದರೆ, ಸಾಮಾನ್ಯವಾಗಿ ನನ್ನ ಗೆಳೆಯರಿಗೂ ಅದು ಕಾಣಲು ಶುರುವಾಗುತ್ತದೆ. ಮಂಜನ ಮುಖವೇ ನೋಡಿರದ ನಮ್ಮ ಹೆಡ್‌ಮಾಸ್ಟರಿಗೂ ಕಾಣಬಹುದು. ಟ್ಯಾಗ್ ತೆಗೆದರೆ ಈ ಬಾಗಿಲೂ ಮುಚ್ಚುತ್ತದೆ. ಹಾಗಾಗಿ ಬರೀ ಟ್ಯಾಗ್ ತೆಗೆಸಿದರೆ ಏನು ಬಂತು ಎಂದು ಮೂಗು ಮುರಿಯಬೇಡಿ. ಬಹಳ ಸಲ ಅಷ್ಟೇ ಸಾಕು.

ಯಾವಾಗ ಸಾಲದು? ಫೋಟೋದ ಮೇಲ್ಗಡೆ, ತಾರೀಕಿನ ಪಕ್ಕ, ಒಂದು ಚಿಕ್ಕ ಗುರುತು ಇರುತ್ತದೆ. ಭೂಗೋಳದ ಚಿತ್ರ ಇದ್ದರೆ ಅದು `Public`, ಊರಿಗೆಲ್ಲ ಕಾಣುತ್ತದೆ. ಇಬ್ಬರು ಮನುಷ್ಯರ ಚಿತ್ರ ಇದ್ದರೆ `Friends`. ಬೀಗ ಇದ್ದರೆ `Only me`. ಮಂಜನ ಆಲ್ಬಮ್ ಮೇಲೆ ಭೂಗೋಳ ಇತ್ತು. ಆ ಕಾಲದಲ್ಲಿ ಯಾರು ನೋಡಬೇಕು ಎಂದು ಯಾರು ತಾನೇ ಯೋಚಿಸಿ ಹಾಕುತ್ತಿದ್ದರು? ಗೆಳೆಯನಿಗೆ ಸಂದೇಶ ಬರೆಯುವ ಮುಂಚೆ ಈ ಗುರುತು ನೋಡಿಕೊಳ್ಳಿ. ಅವನಿಂದ ಏನು ಕೇಳಬೇಕು ಅನ್ನುವುದು ಅದರ ಮೇಲೆ ನಿಂತಿದೆ.

## ಮೊದಲು ನಿಮ್ಮ ಕೈಲಾದದ್ದು

ಟ್ಯಾಗ್ ನೀವು ಈಗ ಬಳಸುತ್ತಿರುವ ಖಾತೆಗೆ ಇದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಫೋಟೋ ತೆರೆಯಿರಿ. ಮೂಲೆಯ ಮೂರು ಚುಕ್ಕಿ ಒತ್ತಿ. `Remove tag` ಒತ್ತಿ, ಖಚಿತವೇ ಎಂದು ಕೇಳಿದಾಗ ಹೌದು ಎನ್ನಿ. ಮುಗಿಯಿತು.

ಹತ್ತಾರು ಫೋಟೋ ಇದ್ದರೆ ಒಂದೊಂದೇ ತೆರೆಯುವ ಬದಲು ಹೀಗೆ ಮಾಡಿ. ನಿಮ್ಮ ಪ್ರೊಫೈಲಿಗೆ ಹೋಗಿ ಮೂರು ಚುಕ್ಕಿ ಒತ್ತಿ, `Activity log` ತೆರೆಯಿರಿ. ಅದರೊಳಗೆ `Activity you're tagged in`, ಅದರೊಳಗೆ `Photos you're tagged in`. ಬೇಡದವಕ್ಕೆಲ್ಲ ಗುರುತು ಹಾಕಿ ಒಟ್ಟಿಗೆ `Remove tags` ಒತ್ತಿ.

ಇಲ್ಲಿ ಒಂದು ಎಡವಟ್ಟು ಆಗುವುದುಂಟು. `Remove tag` ಹತ್ತಿರವೇ `Hide from profile` ಅನ್ನುವುದೂ ಕಾಣಬಹುದು. ಅದನ್ನು ಒತ್ತಿದರೆ ಫೋಟೋ ನಿಮ್ಮ ಪ್ರೊಫೈಲಿನಲ್ಲಿ ಕಾಣುವುದಿಲ್ಲ, ನಿಜ. ಆದರೆ ಟ್ಯಾಗ್ ಹಾಗೇ ಇರುತ್ತದೆ. ಮಂಜನ ಆಲ್ಬಮ್ ತೆರೆದವರಿಗೆ ನಿಮ್ಮ ಹೆಸರು ಅಲ್ಲೇ ಕಾಣುತ್ತದೆ. ನಿಮ್ಮ ಕಡೆಯಿಂದ ನೋಡಿದರೆ ಹೋದಂತೆ ಕಾಣುವುದರಿಂದ ಮೋಸಹೋಗುವುದು ಸುಲಭ.

ನೀವೇ ಟ್ಯಾಗ್ ತೆಗೆದರೆ ಗೆಳೆಯನಿಗೆ ಸೂಚನೆ ಹೋಗುತ್ತದಾ? ಹೋಗುವುದಿಲ್ಲ. ಆದರೆ ಅವನು ಫೋಟೋ ತೆರೆದು ನೋಡಿದರೆ ನಿಮ್ಮ ಹೆಸರು ಇಲ್ಲದಿರುವುದು ಗೊತ್ತಾಗುತ್ತದೆ. ಹತ್ತಿರದ ಗೆಳೆಯನಾದರೆ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನ ಮದುವೆ ಮನೆಯಲ್ಲಿ "ಏನಪ್ಪಾ, ದೊಡ್ಡ ಮನುಷ್ಯ ಆಗ್ಬಿಟ್ಟೆ, ನಮ್ ಜೊತೆ ಫೋಟೋನೂ ಬೇಡ್ವಾ" ಅಂತ ಶುರುವಾಗುತ್ತದೆ.

ನನ್ನ ಕಥೆಯಲ್ಲಿ ಇದ್ಯಾವುದೂ ಉಪಯೋಗಕ್ಕೆ ಬರಲಿಲ್ಲ. ಆ 11 ಟ್ಯಾಗ್ ಇದ್ದಿದ್ದು ನನ್ನ ಕಾಲೇಜು ದಿನಗಳ ಖಾತೆಗೆ. ಅದರ ಪಾಸ್‌ವರ್ಡ್ ಮರೆತು ವರ್ಷಗಳಾಗಿವೆ. ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರ್ ರೀಚಾರ್ಜ್ ಮಾಡದೆ ಬಿಟ್ಟು, ಬೇರೆ ಯಾರ ಪಾಲೋ ಆಗಿದೆ. ನಮ್ಮಲ್ಲಿ ಬಂದಾದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಇನ್ನೊಬ್ಬರಿಗೆ ಕೊಡಬಹುದು. `facebook.com/login/identify` ತೆರೆದು ಹೆಸರು ಹಾಕಿದೆ. ಖಾತೆ ಸಿಕ್ಕಿತು, ಆದರೆ ಓಟಿಪಿ ಕಳಿಸುತ್ತೇವೆ ಎಂದು ತೋರಿಸಿದ್ದು ಆ ಹಳೇ ನಂಬರಿಗೆ. ಅಲ್ಲಿಗೆ ನಿಂತೆ. ಯಾರಿಗೋ ಓಟಿಪಿ ಹೋಗಿ, ಅವರು ನನ್ನ ಖಾತೆಯೊಳಗೆ ಇಣುಕುವುದು ಬೇಡ.

ಇಂಥ ಹೊತ್ತಿನಲ್ಲಿ ಟ್ಯಾಗ್ ತೆಗೆಯಬಲ್ಲವನು ಒಬ್ಬನೇ, ಫೋಟೋ ಹಾಕಿದವನು. ಖಾತೆಯೇ ಇಲ್ಲದವರ ಹೆಸರನ್ನು ಸುಮ್ನೆ ಟೈಪ್ ಮಾಡಿ ಫೋಟೋ ಮೇಲೆ ಅಂಟಿಸಿದ್ದರೂ ಇದೇ ಮಾತು. ಫೋಟೋದ ಕೆಳಗೆ ಬರೆದ ಸಾಲಿನಲ್ಲಿ ನಿಮ್ಮ ಹೆಸರಿದ್ದರೂ ಅಷ್ಟೇ, ಅದು ಟ್ಯಾಗ್ ಅಲ್ಲ, ಬರೀ ಅಕ್ಷರ. ನಿಮ್ಮ ಖಾತೆಯಿಂದ ಅದಕ್ಕೆ ಏನೂ ಮಾಡಲಾಗದು.

## ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು

ಆ ಫೋಟೋದ ಕೆಳಗೆ ಕಾಮೆಂಟ್ ಹಾಕಿ ಕೇಳಬೇಡಿ. ಹತ್ತು ವರ್ಷ ಮಲಗಿದ್ದ ಫೋಟೋಗೆ ಒಂದು ಕಾಮೆಂಟ್ ಬಿದ್ದರೆ ಅದು ಮತ್ತೆ ಎದ್ದು ಹಲವರ ಫೀಡಿಗೆ ಬರಬಹುದು. ಹುಟ್ಟುಹಬ್ಬದ ದಿನ ಗೆಳೆಯರು ಬೇಕಂತಲೇ ಹಳೇ ಫೋಟೋ ಮೇಲೆತ್ತುವುದು ಹೀಗೇ ತಾನೆ? "ಮಂಜ, ಇದನ್ನ ತೆಗಿಯೋ" ಅಂತ ನೀವು ಬರೆದರೆ, ಒಂದು ಗಂಟೆಯೊಳಗೆ ಹಾಸ್ಟೆಲಿನ ಇಪ್ಪತ್ತು ಜನ ಅಲ್ಲಿ ಜಮಾಯಿಸಿ "ಯಾಕೋ, ಚೆನ್ನಾಗಿದೆಯಲ್ಲೋ" ಅಂತ ಶುರುಮಾಡುತ್ತಾರೆ. ಲೈಕ್ ಕೂಡ ಒತ್ತಬೇಡಿ.

ವಾಟ್ಸ್ಯಾಪ್ ಗುಂಪಿನಲ್ಲೂ ಬೇಡ. ಅಲ್ಲಿ ಕೇಳಿದರೆ ಗೆಳೆಯ ನಾಲ್ಕು ಜನರೆದುರು ಉತ್ತರ ಕೊಡಬೇಕಾಗುತ್ತದೆ, ತಮಾಷೆ ಮಾಡಿಯೇ ಮಾಡುತ್ತಾನೆ. ಜೊತೆಗೆ ಸ್ಕ್ರೀನ್‌ಶಾಟ್ ಹಾಕಿದಿರೋ, ಒಂದೇ ಕಡೆ ಇದ್ದ ಫೋಟೋ ಇಪ್ಪತ್ತು ಫೋನಿಗೆ ಇಳಿಯಿತು.

ಅವನೊಬ್ಬನಿಗೇ ಕಳಿಸಿ. ಅವನು ದಿನವೂ ನೋಡುವ ಜಾಗಕ್ಕೆ ಕಳಿಸಿ. ಮಂಜ ಈಗ ಮಸ್ಕತ್‌ನಲ್ಲಿದ್ದಾನೆ, ಫೇಸ್‌ಬುಕ್ ತೆರೆಯುವುದು ತಿಂಗಳಿಗೊಮ್ಮೆ. ಮೆಸೆಂಜರ್‌ಗೆ ಹಾಕಿದ್ದರೆ ದೀಪಾವಳಿಗೆ ನೋಡುತ್ತಿದ್ದನೋ ಏನೋ. ವಾಟ್ಸ್ಯಾಪ್‌ನಲ್ಲಿ ಬರೆದೆ.

ಕಳಿಸುವ ಮುಂಚೆ ಒಂದು ಕೆಲಸ ಮಾಡಿಟ್ಟುಕೊಳ್ಳಿ. ಪ್ರತಿ ಫೋಟೋದ ಲಿಂಕ್ ಬೇಕು. ಫೋಟೋ ತೆರೆದು, ಮೂರು ಚುಕ್ಕಿ ಅಥವಾ ಶೇರ್ ಗುರುತು ಒತ್ತಿ `Copy link`. ಕಂಪ್ಯೂಟರಿನಲ್ಲಾದರೆ ಮೇಲಿನ ವಿಳಾಸವನ್ನೇ ನಕಲು ಮಾಡಬಹುದು, ಅದು ಹೀಗಿರುತ್ತದೆ:

```
https://www.facebook.com/photo/?fbid=...
```

ಆ `fbid` ಮುಂದಿನ ಅಂಕಿಯೇ ಫೋಟೋದ ಗುರುತು. "ಆ ಜೋಗದ ಫೋಟೋ" ಎಂದರೆ ಮಂಜ 64ರಲ್ಲಿ ಯಾವುದೆಂದು ಹುಡುಕಬೇಕು? ಹುಡುಕುವ ಕೆಲಸ ಅವನಿಗೆ ಬಿಟ್ಟಿರೋ, ಆ ಕೆಲಸ "ನಾಳೆ ನೋಡೋಣ"ಕ್ಕೆ ಹೋಯಿತು.

## ಬರೆದು ಅಳಿಸಿದ ಸಂದೇಶ, ಕಳಿಸಿದ ಸಂದೇಶ

ಮೊದಲು ಬರೆದದ್ದು ಹೀಗಿತ್ತು:

> ಮಂಜ, ನೀನು ಫೇಸ್‌ಬುಕ್‌ಗೆ ಹಾಕಿರೋ ಜೋಗದ ಫೋಟೋ ದಯವಿಟ್ಟು ತೆಗೆದುಹಾಕು. ನನ್ನ ಸ್ಟೂಡೆಂಟ್ಸ್ ನೋಡ್ತಾ ಇದ್ದಾರೆ. ನಂಗೆ ತುಂಬ ಮುಜುಗರ ಆಗ್ತಿದೆ.

ಓದಿ ನೋಡಿದೆ, ಬೈದಂತಿತ್ತು. ಆರು ತಿಂಗಳಿಂದ ಮಾತಾಡದವನಿಗೆ ಏಕಾಏಕಿ ಹೀಗೆ ಬರೆದರೆ, ನಾನೇನು ತಪ್ಪು ಮಾಡಿದೆ ಅಂದುಕೊಳ್ಳುತ್ತಾನೆ. "ತೆಗೆದುಹಾಕು" ಎಂದರೆ ಫೋಟೋ ಅಳಿಸು ಎಂದೂ ಅರ್ಥ. ಅವನ ನೆನಪಿನ ಆಲ್ಬಮ್ ಅಳಿಸು ಅನ್ನುವ ಹಕ್ಕು ನನಗೆಲ್ಲಿದೆ? ನನಗೆ ಬೇಕಿದ್ದಿದ್ದು ಹೆಸರು ಬಿಡಿಸುವುದಷ್ಟೇ. "ದಯವಿಟ್ಟು" ಅನ್ನುವ ಪದವೂ ರೂಮ್‌ಮೇಟಿಗೆ ಹೇಳುವಾಗ ವಿಚಿತ್ರ. ನಮ್ಮ ನಡುವೆ ಅದು ಬಂತೆಂದರೆ ಜಗಳವಾಗಿದೆ ಎಂದೇ ಅರ್ಥ.

ಕೊನೆಗೆ ಕಳಿಸಿದ್ದು:

> ಲೋ ಮಂಜ, ಹೆಂಗಿದ್ದೀಯ? ಮಸ್ಕತ್‌ನಲ್ಲಿ ಬಿಸಿಲು ಜೋರಾ? ಪಾಪು ನಡೀತಾ ಇದ್ಯಾ?
>
> ನಿನ್ನಿಂದ ಒಂದು ಸಣ್ಣ ಕೆಲಸ ಆಗ್ಬೇಕು. ನಮ್ಮ ಜೋಗದ ಫೋಟೋಗಳು ಫೇಸ್‌ಬುಕ್ಕಲ್ಲಿ ಇನ್ನೂ ಇವೆ. ಅದ್ರಲ್ಲಿ 11ಕ್ಕೆ ನನ್ನ ಹಳೇ ಖಾತೆ ಟ್ಯಾಗ್ ಆಗಿದೆ. ಸ್ಕೂಲ್ ಹುಡುಗ್ರು ನನ್ನ ಹೆಸರು ಹುಡುಕಿ ಅಲ್ಲಿಗೇ ಬಂದ್ಬಿಟ್ಟಿದ್ದಾರೆ ಮಾರಾಯ. ಆ ಖಾತೆ ಪಾಸ್‌ವರ್ಡ್ ನನ್ನ ಹತ್ರ ಇಲ್ಲ, ಹಂಗಾಗಿ ನಾನೇ ತೆಗೆಯೋಕೆ ಆಗ್ತಿಲ್ಲ.
>
> ಫೋಟೋ ಡಿಲೀಟ್ ಮಾಡೋದು ಬೇಡ, ಅದು ಇರ್ಲಿ. ನನ್ನ ಟ್ಯಾಗ್ ಮಾತ್ರ ತೆಗಿ. ಲಿಂಕ್ ಎಲ್ಲ ಕೆಳಗೆ ಹಾಕಿದ್ದೀನಿ, ಹೆಂಗೆ ಅಂತಾನೂ ಬರ್ದಿದ್ದೀನಿ. ಹತ್ತು ನಿಮಿಷ ಆಗಬಹುದು. ಈ ಭಾನುವಾರದೊಳಗೆ ಬಿಡುವಾದಾಗ ಮಾಡು. ಏನಾದ್ರೂ ಗೊಂದಲ ಆದ್ರೆ ಕಾಲ್ ಮಾಡು, ಜೊತೆಗೇ ಕೂತು ಮಾಡೋಣ.

ಇದರಲ್ಲಿ ಕಾರಣ ಹೇಳಿದ್ದು ಒಂದೇ ಸಾಲು. ಜಾಸ್ತಿ ಕಾರಣ ಕೊಟ್ಟಷ್ಟೂ ಎದುರಿನವನಿಗೆ ವಾದ ಮಾಡಲು ಜಾಗ ಸಿಗುತ್ತದೆ. ನಾನೇ ಯಾಕೆ ತೆಗೆಯುತ್ತಿಲ್ಲ ಅನ್ನುವುದನ್ನು ಮಾತ್ರ ಬಿಡಬೇಡಿ, ಏಕೆಂದರೆ ಅವನ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ಡಿಲೀಟ್ ಬೇಡ ಎಂದು ಬಿಡಿಸಿ ಹೇಳಿದ್ದರಿಂದ ಅವನಿಗೆ ಏನೂ ಕಳೆದುಕೊಳ್ಳುವುದಿಲ್ಲ ಅನ್ನುವುದು ಗೊತ್ತಾಯಿತು. ಭಾನುವಾರ ಎಂದದ್ದು ಬೆದರಿಕೆಗಲ್ಲ. ದಿನ ಹೇಳದ ಕೆಲಸ ಯಾವತ್ತೂ ಆಗುವುದಿಲ್ಲ.

ಹಾಕಿದವರು ನಿಮಗಿಂತ ದೊಡ್ಡವರಾದರೆ ಧಾಟಿ ಬೇರೆಯಾಗಬೇಕು. ಸೀನಿಯರ್ ಅಕ್ಕನಿಗೆ ನನ್ನ ಸಹೋದ್ಯೋಗಿಯೊಬ್ಬಳು ಬರೆದದ್ದು:

> ಅಕ್ಕಾ ನಮಸ್ಕಾರ, ಚೆನ್ನಾಗಿದ್ದೀರಾ? ಮನೇಲಿ ಎಲ್ಲರೂ ಆರಾಮಾ? ನೀವು ಹಾಕಿದ್ದ ಕಾಲೇಜ್ ಡೇ ಫೋಟೋ ಮೊನ್ನೆ ನೋಡ್ದೆ, ಎಷ್ಟೊಂದು ನೆನಪು ಬಂತು! ಅದ್ರಲ್ಲಿ ನನ್ನ ಹೆಸರಿನ ಟ್ಯಾಗ್ ಇದೆ. ಆ ಹಳೇ ಖಾತೆ ಈಗ ನನ್ನ ಕೈಲಿಲ್ಲ. ನಿಮಗೆ ಬಿಡುವಾದಾಗ ಟ್ಯಾಗ್ ಒಂದು ತೆಗೀತೀರಾ? ಫೋಟೋ ಹಾಗೇ ಇರಲಿ ಅಕ್ಕ. ಲಿಂಕ್ ಕಳಿಸಿದ್ದೀನಿ.

ಇಲ್ಲಿ ಭಾನುವಾರ ಇಲ್ಲ, ನೋಡಿ. ದೊಡ್ಡವರಿಗೆ ದಿನ ಗೊತ್ತುಮಾಡುವುದು ಸರಿಕಾಣುವುದಿಲ್ಲ. ಒಂದು ವಾರ ಬಿಟ್ಟು "ಅಕ್ಕಾ, ಟ್ಯಾಗ್ ತೆಗೆಯೋಕೆ ದಾರಿ ಸಿಕ್ತಾ? ಬೇಕಾದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ" ಎಂದು ಕೇಳಬಹುದು. ಮಾಡಿಲ್ಲ ಎಂದು ಎತ್ತಿ ತೋರಿಸದೆ, ದಾರಿ ತಿಳಿಯಲಿಲ್ಲವೇನೋ ಎಂಬಂತೆ ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ.

## ಗೆಳೆಯನಿಗೆ ಬರೆದು ಕಳಿಸಬೇಕಾದ ಹಂತಗಳು

ಫೋಟೋ ಹಾಕಿದವನಿಗೆ ಕಾಣುವ ಬಟನ್‌ಗಳು ನಿಮಗೆ ಕಾಣುವಂಥವಲ್ಲ. ನಿಮ್ಮ ಫೋನ್ ನೋಡಿಕೊಂಡು "ಮೂರು ಚುಕ್ಕಿ ಒತ್ತು, Remove tag ಒತ್ತು" ಎಂದು ಬರೆದರೆ ಅವನಿಗೆ ಅದು ಸಿಗುವುದಿಲ್ಲ. ಆ ಬಟನ್ ಇರುವುದು ಟ್ಯಾಗ್ ಆದವರಿಗೆ. ನಾನು ಮಾಡಿದ ಮೊದಲ ತಪ್ಪು ಇದೇ. ಮಂಜ ಎರಡು ದಿನ "ಎಲ್ಲೈತೋ ಅದು" ಅಂತ ಹುಡುಕಿದ.

ಅವನಿಗೆ ಹೀಗೆ ಹೇಳಬೇಕು:

1. ಲಿಂಕ್ ಒತ್ತು. ಫೋಟೋ ತೆರೆದು ಪರದೆ ತುಂಬ ಬರಲಿ.
2. ಪರದೆಯ ಅಂಚಿನಲ್ಲಿ ಬಟ್ಟೆ ಅಂಗಡಿಯ ಬೆಲೆಚೀಟಿಯಂಥ ಒಂದು ಗುರುತು ಇರುತ್ತದೆ. ಅದನ್ನು ಒತ್ತು. ಮುಖಗಳ ಮೇಲೆ ಹೆಸರು ಮೂಡುತ್ತವೆ.
3. ನನ್ನ ಹೆಸರಿನ ಮೇಲೆ ಒತ್ತು. ಪಕ್ಕದಲ್ಲಿ ಒಂದು `x` ಬರುತ್ತದೆ. ಅದನ್ನು ಒತ್ತು.
4. `Done` ಅಥವಾ `Save` ಕಂಡರೆ ಒತ್ತಿ ಹೊರಗೆ ಬಾ. ಮುಂದಿನ ಲಿಂಕ್ ತೆಗೆ.

ಕಂಪ್ಯೂಟರಿನಲ್ಲಿ ಇದು ಇನ್ನೂ ಸುಲಭ. ದೊಡ್ಡ ಪರದೆ, ಬೆರಳು ಬೇರೆಯವರ ಹೆಸರಿಗೆ ತಗಲುವ ಭಯವಿಲ್ಲ. ಗುಂಪು ಫೋಟೋದಲ್ಲಿ ಹತ್ತು ಹೆಸರು ಒಂದರ ಮೇಲೊಂದು ಬಿದ್ದಿದ್ದರೆ ಕಂಪ್ಯೂಟರೇ ವಾಸಿ. ಬಟನ್ ಇರುವ ಮೂಲೆ ಆ್ಯಪ್‌ನ ಒಂದೊಂದು ಆವೃತ್ತಿಯಲ್ಲಿ ಬದಲಾಗುತ್ತದೆ, ಆದರೆ ಬೆಲೆಚೀಟಿಯ ಗುರುತನ್ನು ಹುಡುಕು ಎಂದರೆ ಸಾಕು.

ಮಂಜ ಶನಿವಾರ ರಾತ್ರಿ "ಆಯ್ತು ಗುರು" ಎಂದ. ನೋಡಿದರೆ ಒಂದು ಫೋಟೋದ ಟ್ಯಾಗ್ ಮಾತ್ರ ಹೋಗಿತ್ತು. ಆಲ್ಬಮ್ ಒಂದೇ ಆದ್ದರಿಂದ ಒಮ್ಮೆ ತೆಗೆದರೆ ಎಲ್ಲದರಿಂದಲೂ ಹೋಗುತ್ತದೆ ಎಂದು ಅವನು ಅಂದುಕೊಂಡಿದ್ದ. ಹಾಗಿಲ್ಲ. ಪ್ರತಿ ಫೋಟೋದ ಟ್ಯಾಗ್ ಬೇರೆ ಬೇರೆ, 11 ಸಲವೂ ಮಾಡಬೇಕು. ಅದಕ್ಕೇ ನಾನು ಲಿಂಕುಗಳಿಗೆ 1ರಿಂದ 11ರವರೆಗೆ ನಂಬರ್ ಹಾಕಿ ಮತ್ತೆ ಕಳಿಸಿದೆ. ಅವನು ಒಂದೊಂದು ಮುಗಿದಂತೆ ನಂಬರ್ ಬರೆದು ಕಳಿಸಿದ. ಏಳನೇದರ ಹೊತ್ತಿಗೆ "ಲೋ, ಈ ಫೋಟೋದಲ್ಲಿ ನಾವೆಲ್ಲ ಎಷ್ಟು ಸಣ್ಣ ಇದ್ವಲ್ಲೋ" ಅಂತ ಹತ್ತು ನಿಮಿಷ ಹರಟೆ.

## ಟ್ಯಾಗ್ ಹೋಯಿತು, ಹೆಸರು ಉಳಿಯಿತು

ಹನ್ನೊಂದೂ ಮುಗಿದ ಮೇಲೆ ಮತ್ತೆ ಹುಡುಕಿದೆ. ಟವಲ್ ಫೋಟೋ ಕೆಳಗೆ ಮಂಜ 2012ರಲ್ಲೇ ಬರೆದ ಒಂದು ಸಾಲು ಇತ್ತು, ನನ್ನ ಪೂರ್ತಿ ಹೆಸರು ಹಾಕಿ "ಮಳೆ ದೇವರು" ಎಂದು. ಕಾಮೆಂಟುಗಳಲ್ಲಿ ಇಬ್ಬರು ನನ್ನ ಹೆಸರು ಬರೆದಿದ್ದರು. ಟ್ಯಾಗ್ ತೆಗೆದರೂ ಇವು ಹೋಗುವುದಿಲ್ಲ.

ಸಾಲನ್ನು ತಿದ್ದುವುದು ಸುಲಭ. ಮಂಜ ಫೋಟೋದ ಮೂರು ಚುಕ್ಕಿ ಒತ್ತಿ `Edit caption` ಅಥವಾ `Edit` ತೆರೆದು, ಹೆಸರು ಅಳಿಸಿ, ಬರೀ "ಮಳೆ ದೇವರು" ಉಳಿಸಿದ. ಕಾಮೆಂಟುಗಳದ್ದು ಸ್ವಲ್ಪ ಬೇರೆ. ಇನ್ನೊಬ್ಬರ ಕಾಮೆಂಟನ್ನು ಅವನು ತಿದ್ದಲಾರ, ಅಳಿಸಬಲ್ಲ. ತನ್ನ ಫೋಟೋ ಕೆಳಗಿನ ಕಾಮೆಂಟನ್ನು ಒತ್ತಿ ಹಿಡಿದರೆ `Delete` ಬರುತ್ತದೆ. ಒಂದನ್ನು ಅಳಿಸಿದ. ಇನ್ನೊಂದು ತೀರಿಹೋದ ಗೆಳೆಯನೊಬ್ಬ ಬರೆದದ್ದು. ಅದನ್ನು ಬಿಡು ಎಂದೆ.

ಉಳಿದದ್ದು ಆ ಭೂಗೋಳದ ಗುರುತು. ಇದನ್ನು ನಾನು ಮೊದಲ ಸಂದೇಶದಲ್ಲಿ ಕೇಳಿರಲಿಲ್ಲ. ಟ್ಯಾಗ್ ನನ್ನದು, ಆಲ್ಬಮ್ ಅವನದು. ಮೊದಲೇ ಎರಡನ್ನೂ ಕೇಳಿದ್ದರೆ ಕೆಲಸ ದೊಡ್ಡದಾಗಿ ಕಂಡು ಒಂದನ್ನೂ ಮಾಡುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ. ಈಗ ಮಾತು ಮಾತಿನ ನಡುವೆ "ಇದು ಊರಿಗೆಲ್ಲ ಕಾಣ್ತಿದೆ ಕಣೋ, ನಿನ್ನ ಮದುವೆಗೆ ಮುಂಚಿನ ಫೋಟೋಗಳೂ ಇವೆ ಅದ್ರಲ್ಲಿ" ಎಂದೆ. ಅವನಿಗೇ ಗಾಬರಿಯಾಯಿತು.

ಹೀಗೆ ಒಬ್ಬರೇ ಮಾಡಿದ ಆಲ್ಬಮ್‌ನಲ್ಲಿ ಯಾರು ನೋಡಬೇಕು ಅನ್ನುವುದು ಫೋಟೋಗೊಂದರಂತೆ ಇರುವುದಿಲ್ಲ, ಇಡೀ ಆಲ್ಬಮ್‌ಗೆ ಒಂದೇ. ಟವಲ್ ಫೋಟೋ ಒಂದನ್ನೇ ಮುಚ್ಚಲು ಹೋದರೆ ದಾರಿ ಸಿಗುವುದಿಲ್ಲ. ಆಲ್ಬಮ್ ತೆರೆದು, ಮೂರು ಚುಕ್ಕಿ ಒತ್ತಿ, `Edit album` ಗೆ ಹೋಗಿ, `Public` ಇರುವಲ್ಲಿ ಒತ್ತಿ `Friends` ಆರಿಸಿ ಉಳಿಸಬೇಕು. ಒಂದೇ ಸಲಕ್ಕೆ 64 ಫೋಟೋಗೂ ಅನ್ವಯ. ಆದರೆ ಉಳಿದ ಗೆಳೆಯರ ಟ್ಯಾಗ್ ಇನ್ನೂ ಇದ್ದರೆ ಅವರ ಗೆಳೆಯರಿಗೂ ಕಾಣಬಹುದು ಅನ್ನುವುದು ನೆನಪಿರಲಿ. ಅದೂ ಬೇಡ, ತಾನೊಬ್ಬನೇ ನೋಡುವಂತಿರಲಿ ಎಂದರೆ `Only me`. ಮಂಜ `Friends` ಸಾಕು ಎಂದ. ನನ್ನ ವಿದ್ಯಾರ್ಥಿಗಳು ಯಾರೂ ಅವನ ಗೆಳೆಯರಲ್ಲ, ನನಗೂ ಸಾಕಾಯಿತು.

## ಹೋಗಿದೆಯೋ ಇಲ್ಲವೋ ನೋಡುವುದು

ನಿಮ್ಮ ಖಾತೆಯಿಂದಲೇ ನೋಡಿದರೆ ಗೊತ್ತಾಗುವುದಿಲ್ಲ. ನೀವು ಅವನ ಗೆಳೆಯ, ನಿಮಗೆ ಕಂಡೇ ಕಾಣುತ್ತದೆ. ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು, ಲಾಗಿನ್ ಆಗದೆ, ಆ ಲಿಂಕ್ ಹಾಕಿ. `This content isn't available` ಎಂದು ಶುರುವಾಗುವ ಸಾಲು ಬಂದರೆ ಮುಚ್ಚಿದೆ ಎಂದರ್ಥ. ಕೆಲವೊಮ್ಮೆ ಫೇಸ್‌ಬುಕ್ ಎಲ್ಲದಕ್ಕೂ ಲಾಗಿನ್ ಆಗಿ ಎಂದಷ್ಟೇ ಕೇಳುತ್ತದೆ. ಆಗ ಫೋಟೋ ಹಾಕಿದವನ ಗೆಳೆಯರಲ್ಲದ ಒಬ್ಬರಿಂದ ತೆರೆಸಿ ನೋಡಿ. ನಾನು ಸ್ಟಾಫ್ ರೂಮಿನಲ್ಲಿ ಕನ್ನಡ ಮೇಡಂ ಫೋನಿನಿಂದ ನೋಡಿದೆ. ಲಿಂಕ್ ತೆರೆಯಲಿಲ್ಲ. ಅವರು "ಏನಿತ್ತು ಸರ್ ಅದ್ರಲ್ಲಿ?" ಅಂತ ಇವತ್ತಿಗೂ ಕೇಳುತ್ತಾರೆ.

ಗೂಗಲ್ ಹುಡುಕಾಟದಲ್ಲಿ ಹಳೇ ತುಣುಕು ಕೆಲವು ದಿನ ಉಳಿಯಬಹುದು. ಮೂಲ ಪುಟ ನಿಜಕ್ಕೂ ಮುಚ್ಚಿದ್ದರೆ ಗೂಗಲ್‌ನ `Refresh Outdated Content` ಪುಟದಲ್ಲಿ ಆ ಲಿಂಕ್ ಕೊಟ್ಟು ಹೊಸದಾಗಿ ನೋಡಲು ಕೇಳಿಕೊಳ್ಳಬಹುದು. ಇನ್ನು ಯಾರಾದರೂ ಆಗಲೇ ಫೋನಿಗೆ ಇಳಿಸಿಕೊಂಡಿದ್ದರೆ ಅದಕ್ಕೆ ಯಾವ ಬಟನ್ನೂ ಇಲ್ಲ. ಆ ಒಂಬತ್ತನೇ ತರಗತಿಯವನ ಹತ್ತಿರ ಇದೆಯೋ ಏನೋ, ಕೇಳಲು ಹೋಗಿಲ್ಲ.

## ಇನ್ಸ್ಟಾಗ್ರಾಮ್ ಆದರೆ, ಒಪ್ಪದಿದ್ದರೆ

ಇನ್ಸ್ಟಾಗ್ರಾಮಿನಲ್ಲಿ ಕೆಲಸ ಇನ್ನೂ ಚಿಕ್ಕದು. ಫೋಟೋ ಮೇಲೆ ಒಮ್ಮೆ ಒತ್ತಿದರೆ ಹೆಸರುಗಳು ಮೂಡುತ್ತವೆ. ನಿಮ್ಮ ಹೆಸರು ಒತ್ತಿ `Remove me from post`. ಅಲ್ಲೂ `Hide from my profile` ಇದೆ, ಅದು ಅರ್ಧ ಕೆಲಸ. ಹಾಕಿದವರಾದರೆ ಮೂರು ಚುಕ್ಕಿ, `Edit`, ಹೆಸರು ಒತ್ತಿ `x`.

ಗೆಳೆಯ ತಮಾಷೆ ಮಾಡಿ ತಳ್ಳಿಹಾಕಿದರೆ ಒಮ್ಮೆ ಫೋನ್ ಮಾಡಿ. ಬರೆದದ್ದರಲ್ಲಿ ಕಾಣದ ಬೇಸರ ದನಿಯಲ್ಲಿ ತಿಳಿಯುತ್ತದೆ. ಆದರೂ ಒಪ್ಪದಿದ್ದರೆ, ಇಬ್ಬರಿಗೂ ಗೊತ್ತಿರುವ ಒಬ್ಬರಿಂದ ಹೇಳಿಸಬಹುದು, ಅಷ್ಟೇ. ಬರೀ ಮುಜುಗರದ ಫೋಟೋವನ್ನು ಫೇಸ್‌ಬುಕ್‌ಗೆ ರಿಪೋರ್ಟ್ ಮಾಡಿದರೆ ತೆಗೆಯುವ ಭರವಸೆ ಇಲ್ಲ, ಅದು ಅವರ ನಿಯಮ ಮುರಿದಿರುವುದಿಲ್ಲ. ಆದರೆ ಫೋಟೋ ಖಾಸಗಿಯದ್ದಾಗಿದ್ದರೆ, ತಿರುಚಿದ್ದಾಗಿದ್ದರೆ, ಅಥವಾ ಅದನ್ನಿಟ್ಟುಕೊಂಡು ಹೆದರಿಸುತ್ತಿದ್ದರೆ ಈ ನಯದ ಸಂದೇಶವೆಲ್ಲ ಪಕ್ಕಕ್ಕಿಡಿ. ಸ್ಕ್ರೀನ್‌ಶಾಟ್, ಲಿಂಕ್ ಉಳಿಸಿಕೊಂಡು ರಿಪೋರ್ಟ್ ಮಾಡಿ, `cybercrime.gov.in` ನಲ್ಲಿ ದೂರು ಕೊಡಿ.

ಹೊಸ ಖಾತೆಯಲ್ಲಿ ನಾನು ಮಾಡಿಟ್ಟ ಕೊನೆಯ ಕೆಲಸ ಒಂದಿದೆ. `Settings` ಒಳಗೆ `Profile and tagging`, ಅದರಲ್ಲಿ ನನ್ನನ್ನು ಟ್ಯಾಗ್ ಮಾಡಿದ್ದನ್ನು ಪ್ರೊಫೈಲಿಗೆ ಬರುವ ಮುಂಚೆ ನನಗೆ ತೋರಿಸು ಅನ್ನುವ `Review` ಆಯ್ಕೆಯನ್ನು ಆನ್ ಮಾಡಿದೆ. ಇದು ನನ್ನ ಪ್ರೊಫೈಲಿಗೆ ಮಾತ್ರ ಕಾವಲು. ಹಾಕಿದವನ ಪುಟದಲ್ಲಿ ಫೋಟೋ ಹೇಗೂ ಕಾಣುತ್ತದೆ. ಆದರೂ ತಕ್ಷಣ ಗೊತ್ತಾಗುತ್ತದಲ್ಲ, ಅದು ಲಾಭ.

ಒಂದು ವಾರ ಕಳೆದಿರಲಿಲ್ಲ, ಸೂಚನೆ ಬಂತು. ಹಳೆಯದನ್ನೆಲ್ಲ ತೆರೆದು ನೋಡುತ್ತ ಕೂತಿದ್ದ ಮಂಜನಿಗೆ ಇನ್ನೊಂದು ಸಿಕ್ಕಿತ್ತು. 2013ರ ಹಾಸ್ಟೆಲ್ ಡೇ, ಮೆಸ್ಸಿನ ಸೌಟು ಹಿಡಿದು ಮೈಕಿನಂತೆ ಹಾಡುತ್ತಿರುವ ನಾನು. ನನ್ನ ಹೊಸ ಖಾತೆಗೇ ಟ್ಯಾಗ್. ಕೆಳಗೆ "ಇದ್ರಲ್ಲಿ ಟವಲ್ ಇಲ್ಲ, ನಡೀತದಾ ಮೇಷ್ಟ್ರೇ?"

ಸ್ವಲ್ಪ ಹೊತ್ತು ನೋಡಿದೆ. ಭೂಗೋಳದ ಗುರುತು ಇರಲಿಲ್ಲ, ಇಬ್ಬರು ಮನುಷ್ಯರ ಗುರುತು ಇತ್ತು. ಟ್ಯಾಗ್ ಇರಲಿ ಎಂದು ಬಿಟ್ಟೆ.